ಚಿತ್ರದುರ್ಗವೋ, ಮಂಜರಾಬಾದೋ?

ಒಂದೇ ದಿನ ಇದ್ದರೆ ಯಾವ ಕೋಟೆ ನೋಡಬೇಕು? ಬಾಗಿಲಿನ ಜಾಣತನ ನೋಡಬೇಕಿದ್ದರೆ ಚಿತ್ರದುರ್ಗಕ್ಕೆ ಹೋಗಿ. ಕೊತ್ತಲಗಳ ಲೆಕ್ಕಾಚಾರ ಬೇಕಿದ್ದರೆ ಸಕಲೇಶಪುರದ ಹತ್ತಿರದ ಮಂಜರಾಬಾದ್.

ಚಿತ್ರದುರ್ಗದ ದಾರಿ ಎತ್ತರದ ಗೋಡೆಗಳ ನಡುವೆ ತಿರುಗಿ ತಿರುಗಿ ಬಾಗಿಲು ಸೇರುತ್ತದೆ. ಅದು ಸುಮ್ನೆ ಮಾಡಿದ್ದಲ್ಲ. ಕದ ಒಡೆಯಲು ಆನೆ ದೂರದಿಂದ ಓಡಿ ಬರಬೇಕು. ತಿರುವಿನಲ್ಲಿ ಆ ಓಟಕ್ಕೆ ಜಾಗವೇ ಇಲ್ಲ. ದೂರದ ಫಿರಂಗಿಗೂ ಕದ ನೇರ ಕಾಣುವುದಿಲ್ಲ. ತಿರುವಿನಲ್ಲಿ ನಿಧಾನವಾದ ಶತ್ರುವಿನ ಮೇಲೆ ಮೇಲಿನ ಗೋಡೆಯಿಂದ ಏಟು ಬೀಳುತ್ತದೆ. ಒಳಗೆ ಮತ್ತೆ ಗೋಡೆ, ಮತ್ತೆ ಬಾಗಿಲು. ಏಳು ಸುತ್ತು, ಅಲ್ವಾ! ಬಂಡೆ ಇದ್ದಲ್ಲಿ ಬಂಡೆಯೇ ಗೋಡೆ, ಹಾಗಾಗಿ ನಕ್ಷೆ ಅಂಕುಡೊಂಕು.

ಮಂಜರಾಬಾದ್ 1792ರ ಹೊತ್ತಿನದು, ಟಿಪ್ಪು ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರ. ದುಂಡು ಕೊತ್ತಲದ ಎದುರಿಗೆ, ಬುಡದಲ್ಲಿ, ಪಕ್ಕದ ಗುಂಡು ತಾಗದ ಸ್ವಲ್ಪ ಜಾಗ ಉಳಿಯುತ್ತದೆ. ಶತ್ರು ಅಲ್ಲೇ ಅಡಗಬಹುದು. ಚೂಪು ಮೂಲೆಗಳಿದ್ದರೆ ಒಂದು ಮೂಲೆಯ ಗುಂಡು ಪಕ್ಕದ ಮೂಲೆಯ ಗೋಡೆಯುದ್ದಕ್ಕೂ ಸಾಗುತ್ತದೆ. ಇಲ್ಲಿ ಮೆಟ್ಟಿಲು ಹತ್ತಿದರೆ ಸಾಕು, ಬೇಗ ನೋಡಿ ಮುಗಿಯುತ್ತದೆ. ಆದರೆ ನಕ್ಷತ್ರದ ಆಕಾರ ನಿಂತಲ್ಲಿಂದ ಕಾಣದು. ಗೋಡೆಯ ಮೇಲೆ ನಡೆಯುವಾಗ ಮೂಲೆಗಳನ್ನು ಎಣಿಸುತ್ತಾ ಹೋಗಿ.

ನನ್ನ ಆಯ್ಕೆ ಚಿತ್ರದುರ್ಗವೇ. ಮಳೆಗಾಲದಲ್ಲಿ ಮಾತ್ರ ಬಂಡೆ ಜಾರುತ್ತದೆ, ಹುಷಾರು.