ಅಂಗಡಿಗೆ ಹೋಗದ ಗಂಡಸಿಗೆ ಶೇವಿಂಗ್ ಉಡುಗೊರೆ: ಮೂರು ಬಗೆ ಬಳಸಿ ನೋಡಿದೆವು

ಅಂಗಡಿ ಅಂದರೆ ದೂರ ಓಡುವ ಗಂಡಸರಿಗೆ ಶೇವಿಂಗ್ ಸಾಮಾನು ಕೊಡುವಾಗ ನಾನು ನೋಡುವುದು ಎರಡೇ ವಿಷಯ. ಹಚ್ಚಿದರೆ ಮುಖ ಉರಿಯಬಾರದು. ಖಾಲಿಯಾದರೆ ಮತ್ತೆ ಹುಡುಕಿಕೊಂಡು ಅಲೆಯುವಂತೆ ಇರಬಾರದು. ನಮ್ಮನೆಯವರು ಮೂರು ಬಗೆ ಬಳಸಿ ನೋಡಿದ್ದಾರೆ: ರೆಡಿಮೇಡ್ ಗಿಫ್ಟ್ ಬಾಕ್ಸ್, ಟ್ರಿಮ್ಮರ್, ಆಮೇಲೆ ನಾನೇ ಬಿಡಿಬಿಡಿಯಾಗಿ ತಂದು ಜೋಡಿಸಿದ ಹಳೇ ಮಾದರಿಯ ರೇಜರ್ ಸೆಟ್. ಅವರದು ಒರಟು ಗಡ್ಡ, ಆದರೆ ಚರ್ಮ ಸೂಕ್ಷ್ಮ. ಕತ್ತಿನ ಹತ್ತಿರ ಬೇಗ ಗುಳ್ಳೆ ಏಳುತ್ತವೆ. ಶೇವ್ ಮಾಡುವುದು ದಿನ ಬಿಟ್ಟು ದಿನ.

ಗಿಫ್ಟ್ ಬಾಕ್ಸ್ ಹಬ್ಬಕ್ಕೆ ಯಾರೋ ಕೊಟ್ಟಿದ್ದು. ನೋಡೋಕೆ ಚೆಂದ. ಫೇಸ್ ವಾಶ್, ಫೋಮ್, ಆಫ್ಟರ್‌ಶೇವ್, ಒಂದು ರೇಜರ್. ಆಫ್ಟರ್‌ಶೇವ್ ಹಚ್ಚಿದ ಕೂಡಲೇ ‘ಏನೇ ಇದು, ಮುಖ ಉರೀತಿದೆ!’ ಅಂದರು. ಬಾಟಲಿ ತಿರುಗಿಸಿ ಓದಿದೆ. ಲೇಬಲ್ಲಿನಲ್ಲಿ ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರುತ್ತದೆ. ಇದರಲ್ಲಿ ಮೊದಲ ಹೆಸರೇ ಆಲ್ಕೋಹಾಲ್, ಸ್ವಲ್ಪ ಕೆಳಗೆ ಸುಗಂಧ, ಮೆಂಥಾಲ್. ಆಗಷ್ಟೇ ಬ್ಲೇಡ್ ತಾಗಿದ ಚರ್ಮಕ್ಕೆ ಇದು ಬೇಡವೇ ಬೇಡ. ಮೆಂಥಾಲ್ ತಂಪು ಅನ್ನಿಸುತ್ತದೆ ಅಷ್ಟೇ, ಚರ್ಮ ಒಣಗುವುದು ನಿಲ್ಲುವುದಿಲ್ಲ. ಫೇಸ್ ವಾಶ್‌ನಲ್ಲಿ ನೀರಾದ ಮೇಲೆ ಸೋಡಿಯಂ ಲಾರಿಲ್ ಸಲ್ಫೇಟ್ ಇತ್ತು. ಜೋರಾಗಿ ನೊರೆ ಬರುತ್ತದೆ, ಜೊತೆಗೆ ಚರ್ಮದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಮುಖ ತೊಳೆದ ಸ್ವಲ್ಪ ಹೊತ್ತಿಗೆ ಕೆನ್ನೆ ಬಿಗಿಯಾಗಿ ಎಳೆದಂತಾದರೆ, ಮೂಗಿನ ಪಕ್ಕ ಬಿಳಿ ಹೊಟ್ಟು ಎದ್ದರೆ, ಆ ಫೇಸ್ ವಾಶ್ ನಿಮ್ಮವರಿಗೆ ಖಾರವಾಯಿತು ಅಂತಲೇ ತಿಳಿಯಿರಿ.

ನನಗೆ ಇದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಆ ರೇಜರ್ ವಿಷಯಕ್ಕೆ. ಅದಕ್ಕೆ ಕೂರುವ ಕಾರ್ಟ್ರಿಜ್ ನಮ್ಮ ಬೀದಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅಂಗಡಿಗೇ ಹೋಗದವರಿಗೆ ಅಂಗಡಿ ಅಂಗಡಿ ಸುತ್ತಿಸುವ ಉಡುಗೊರೆ ಕೊಟ್ಟರೆ ಏನು ಬಂತು?

ಟ್ರಿಮ್ಮರ್ ಈ ಕಾಟ ತಪ್ಪಿಸುತ್ತದೆ. ನೊರೆ ಬೇಡ, ಬ್ಲೇಡ್ ಬದಲಿಸುವ ಗೋಜಿಲ್ಲ. ಚಾರ್ಜ್ ಮಾಡುವುದು, ಹಲ್ಲಿನ ಸಂದಿಯ ಕೂದಲು ಬ್ರಷ್‌ನಿಂದ ತೆಗೆಯುವುದು, ಕಂಪನಿ ಹೇಳಿದ್ದರೆ ಆಗಾಗ ಒಂದು ತೊಟ್ಟು ಎಣ್ಣೆ ಬಿಡುವುದು, ಇಷ್ಟೇ ಕೆಲಸ. ಕೂದಲನ್ನು ಚರ್ಮದ ಮಟ್ಟಕ್ಕಿಂತ ತುಸು ಮೇಲೇ ಕತ್ತರಿಸುವುದರಿಂದ ಕತ್ತಿನ ಗುಳ್ಳೆಗಳು ಬೇಗ ಇಳಿದವು. ಆದರೆ ಕೆನ್ನೆ ನುಣ್ಣಗಾಗುವುದಿಲ್ಲ. ಕುರುಚಲು ಗಡ್ಡ ಇಷ್ಟಪಡುವವರಿಗೆ ಕಣ್ಣುಮುಚ್ಚಿ ಇದನ್ನೇ ಕೊಡಿ. ನಮ್ಮನೆಯವರಿಗೆ ಕೆನ್ನೆ ನುಣ್ಣಗೇ ಇರಬೇಕು.

ಕೊನೆಗೆ ನಮ್ಮಲ್ಲಿ ನಿಂತಿದ್ದು ಎರಡಂಚಿನ ಬ್ಲೇಡ್ ಹಾಕುವ ರೇಜರ್, ನಮ್ಮ ತಂದೆಯವರ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದು. ಜೊತೆಗೆ ನೈಲಾನ್ ಕೂದಲಿನ ಬ್ರಷ್, ಟ್ಯೂಬಿನ ಶೇವಿಂಗ್ ಕ್ರೀಮ್, ಸುವಾಸನೆ ಇಲ್ಲದ ಮಾಯಿಶ್ಚರೈಸರ್, ನೂರು ಬ್ಲೇಡ್. ನೂರು ಯಾಕೆ ಅಂದರೆ, ಒಂದು ಬ್ಲೇಡ್ ನಾಲ್ಕೈದು ಶೇವ್‌ಗೆ ಬರುತ್ತದೆ. ದಿನ ಬಿಟ್ಟು ದಿನ ಅಂದರೆ ವರ್ಷಕ್ಕೆ ಸುಮಾರು 180 ಶೇವ್, 40 ಬ್ಲೇಡ್ ಸಾಕು. ಎರಡು ವರ್ಷ ಬ್ಲೇಡಿನ ಚಿಂತೆಯೇ ಇಲ್ಲ. ಈ ಬ್ಲೇಡ್ ಯಾವ ಕಂಪನಿಯದಾದರೂ ರೇಜರ್‌ಗೆ ಕೂರುತ್ತದೆ, ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ.

ಇದರ ಕಷ್ಟ ಕೈ ಕೂರುವವರೆಗೆ. ಕಾರ್ಟ್ರಿಜ್ ರೂಢಿಯಾದವರು ಒತ್ತಿ ಎಳೆಯುತ್ತಾರೆ, ಇಲ್ಲಿ ಒತ್ತಿದರೆ ಗಾಯ ಗ್ಯಾರಂಟಿ. ರೇಜರ್‌ನ ತೂಕವೇ ಕೆಲಸ ಮಾಡಬೇಕು. ಹಿಡಿಯನ್ನು ಕೆನ್ನೆಯಿಂದ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ ಸಣ್ಣ ಸಣ್ಣದಾಗಿ ಎಳೆಯಬೇಕು. ಕತ್ತಿನಲ್ಲಿ ಕೂದಲು ಅಡ್ಡಡ್ಡ ಬೆಳೆದಿರುತ್ತದೆ. ಒಂದು ದಿನದ ಗಡ್ಡ ಇರುವಾಗ ಬೆರಳಾಡಿಸಿ ನೋಡಿದರೆ ಗೊತ್ತಾಗುತ್ತದೆ: ನುಣ್ಣಗೆ ಜಾರಿದರೆ ಅದೇ ದಿಕ್ಕು. ಇವರು ಹೀಗೆ ದಿಕ್ಕು ನೋಡಿ ಎಳೆಯಲು ಶುರುಮಾಡಿದ ಮೇಲೆ ಕತ್ತಿನ ಗುಳ್ಳೆ ಕಡಿಮೆಯಾಯಿತು. ಗುಳ್ಳೆ ತುಂಬಾ ಎದ್ದಿರುವವರು ಮಾತ್ರ ಅದು ಇಳಿಯುವವರೆಗೆ ಟ್ರಿಮ್ಮರ್‌ನಲ್ಲೇ ಇರಲಿ.

ಕ್ರೀಮ್ ಕೊಡುವ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಒಂದು ದಿನ ಬಿಟ್ಟು ನೋಡಲು ಹೇಳಿ. ಅವರಿಗೆ ಈಗಾಗಲೇ ಒಗ್ಗಿದ ಕ್ರೀಮ್ ಇದ್ದರೆ ಅದೇ ಟ್ಯೂಬ್ ಇನ್ನೆರಡು ತನ್ನಿ, ಹೊಸ ಬ್ರ್ಯಾಂಡ್ ಬೇಡ. ಪೆಟ್ಟಿಗೆಯಲ್ಲಿ ಮುಚ್ಚಳಕ್ಕೆ ಸೀಳು ಮಾಡಿದ ಒಂದು ತಗಡಿನ ಡಬ್ಬಿಯನ್ನೂ ಇಡಿ. ಹಳೇ ಬ್ಲೇಡುಗಳು ಅದರಲ್ಲೇ ಬೀಳಲಿ. ಕಸದ ಚೀಲಕ್ಕೆ ಹಾಗೇ ಹಾಕಿದರೆ ಬೆಳಿಗ್ಗೆ ಕಸ ಬೇರ್ಪಡಿಸುವವರ ಕೈ ಕೊಯ್ಯುತ್ತದೆ.