ಪ್ರಾಜೆಕ್ಟ್ ವರದಿಯ ನಿಯಮ ತಿಳಿಸುವ ಇಮೇಲ್: ಮೂರು ವರ್ಷ, ಮೂರು ಒಕ್ಕಣೆ

ಪದವಿಯ ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆಯುವ ಪ್ರಾಜೆಕ್ಟ್ ವರದಿಗೆ ಯಾವ ಫಾಂಟ್, ಎಷ್ಟು ಗಾತ್ರ, ಸಾಲುಗಳ ನಡುವೆ ಎಷ್ಟು ಅಂತರ ಎಂದು ತಿಳಿಸುವ ಇಮೇಲನ್ನು ನಾನು ಪ್ರತಿವರ್ಷ ಕಳುಹಿಸುತ್ತೇನೆ. ವಿಷಯ ಒಂದೇ ಆದರೂ ಒಕ್ಕಣೆಯನ್ನು ಮೂರು ವರ್ಷಗಳಲ್ಲಿ ಮೂರು ಬಗೆಯಾಗಿ ಬರೆದು ನೋಡಿದ್ದೇನೆ. ಮೊದಲನೆಯದು ಒಂದೇ ಸಾಲಿನದು, ಎರಡನೆಯದು ಎಲ್ಲ ಅಳತೆಗಳನ್ನೂ ಅಂಶಾವಾರು ಪಟ್ಟಿ ಮಾಡಿದ್ದು, ಮೂರನೆಯದು ಟೆಂಪ್ಲೇಟ್ ಕಡತವನ್ನು ಜೊತೆಗಿಟ್ಟ ಚಿಕ್ಕ ಪತ್ರ. ಮೂರಕ್ಕೂ ಬಂದ ವರದಿಗಳನ್ನು ಎದುರುಬದುರು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷದ ಇಮೇಲ್ ಹೀಗಿತ್ತು: "ವರದಿಯು `Times New Roman` ಫಾಂಟಿನಲ್ಲಿ, 12 ಗಾತ್ರದಲ್ಲಿ, 1.5 ಸಾಲಿನ ಅಂತರದಲ್ಲಿ ಇರತಕ್ಕದ್ದು." ಇಂಗ್ಲಿಷ್ ವರದಿಗಳಿಗಾಗಿ ಯಾರೋ ಯಾವಾಗಲೋ ಬರೆದಿದ್ದ ಸುತ್ತೋಲೆಯ ವಾಕ್ಯವನ್ನೇ ನಾನು ಕನ್ನಡಕ್ಕೆ ತಂದಿದ್ದೆ. ಇಂಗ್ಲಿಷ್ ವರದಿಗೆ ಈ ವಾಕ್ಯದಲ್ಲಿ ಕೊರತೆಯೇನೂ ಇಲ್ಲ. ಕನ್ನಡ ವರದಿಗೆ ಮಾತ್ರ ಇದು ಏನನ್ನೂ ಹೇಳುವುದಿಲ್ಲ, ಏಕೆಂದರೆ ಆ ಫಾಂಟಿನಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ವಿದ್ಯಾರ್ಥಿ ಇಡೀ ಪಠ್ಯವನ್ನು ಆಯ್ದು ಆ ಹೆಸರನ್ನು ಒತ್ತಿದರೆ ಮೇಲಿನ ಪೆಟ್ಟಿಗೆಯಲ್ಲಿ ಹೆಸರೇನೋ ಬರುತ್ತದೆ, ಆದರೆ ವರ್ಡ್ ತಂತ್ರಾಂಶವು ಕನ್ನಡವನ್ನು ತೋರಿಸಲು ಆ ಗಣಕದಲ್ಲಿರುವ ಬೇರೊಂದು ಫಾಂಟಿನ ಮೊರೆಹೋಗುತ್ತದೆ. ಹಳೆಯ ವಿಂಡೋಸ್ ಆಗಿದ್ದರೆ ಅದು `Tunga`, ವಿಂಡೋಸ್ 8 ಮತ್ತು ಅದರ ನಂತರದ್ದಾದರೆ ಸಾಮಾನ್ಯವಾಗಿ `Nirmala UI`, ಆಂಡ್ರಾಯ್ಡ್ ಫೋನಿನಲ್ಲಾದರೆ ನೋಟೋ ಕುಟುಂಬದ ಫಾಂಟ್. ಇವುಗಳ ಅಕ್ಷರದ ಅಗಲವೂ ಸಾಲಿನ ಎತ್ತರವೂ ಬೇರೆಬೇರೆ. ಕೆರೆಗಳ ಬಗ್ಗೆ ಕ್ಷೇತ್ರಕಾರ್ಯ ಮಾಡಿದ್ದ ಒಬ್ಬ ವಿದ್ಯಾರ್ಥಿನಿಯ ಪರಿವಿಡಿಯಲ್ಲಿ ಮೂರನೆಯ ಅಧ್ಯಾಯ 21ನೆಯ ಪುಟದಲ್ಲಿದೆ ಎಂದಿತ್ತು, ಮುದ್ರಿತ ಪ್ರತಿಯಲ್ಲಿ ಅದು 24ನೆಯ ಪುಟಕ್ಕೆ ಹೋಗಿತ್ತು. "ಮನೆಯಲ್ಲಿ ಸರಿಯಾಗಿತ್ತು ಸರ್, ಜೆರಾಕ್ಸ್ ಅಂಗಡಿಯಲ್ಲಿ ತೆರೆದ ಮೇಲೆ ಹೀಗಾಯಿತು" ಎಂದು ಆಕೆ ಹೇಳಿದ್ದು ನೆಪವಾಗಿರಲಿಲ್ಲ. ನನ್ನ ಒಂದು ಸಾಲಿನ ಆದೇಶವನ್ನು ಆಕೆ ಅಕ್ಷರಶಃ ಪಾಲಿಸಿದ್ದರ ಫಲ ಅದು.

ಅದೇ ವರ್ಷ ಇನ್ನೊಂದು ತೊಂದರೆಯೂ ಕಾಣಿಸಿತು. ಅರ್ಧದಷ್ಟು ಮಂದಿ ಕೈಬರಹದ ಪ್ರತಿಯನ್ನು ಡಿಟಿಪಿ ಅಂಗಡಿಗೆ ಕೊಟ್ಟು ಟೈಪು ಮಾಡಿಸಿದ್ದರು. ಆ ಅಂಗಡಿಗಳಲ್ಲಿ ಇಂದಿಗೂ ಬೆರಳಿಗೆ ಒಗ್ಗಿರುವುದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಅದರಲ್ಲೂ `Nudi 01 e` ಎಂಬಂತಹ ಹಳೆಯ ಫಾಂಟುಗಳು. ಇವು ಯೂನಿಕೋಡ್ ಅಲ್ಲ. ಒಳಗೆ ಕೂತಿರುವುದು ರೋಮನ್ ಅಕ್ಷರಗಳ ಸಂಕೇತಗಳೇ, ಮೇಲೆ ಕನ್ನಡದ ಆಕಾರವನ್ನು ತೊಡಿಸಲಾಗಿದೆ. ಫಾಂಟ್ ಇಲ್ಲದ ನನ್ನ ಫೋನಿನಲ್ಲಿ ಅಂತಹ ಕಡತವನ್ನು ತೆರೆದಾಗ "ಕೆರೆ" ಇರಬೇಕಾದಲ್ಲೆಲ್ಲ `PÉgÉ` ಎಂದಿತ್ತು, "ಕನ್ನಡ" ಎಂಬುದು `PÀ£ÀßqÀ` ಆಗಿತ್ತು. ಕಾಗದದ ಮೇಲೆ ನುಡಿಯ ಅಕ್ಷರಗಳು ಅಂದವಾಗಿಯೇ ಇರುತ್ತವೆ ಎಂಬುದನ್ನು ಒಪ್ಪುತ್ತೇನೆ, ಮುದ್ರಿತ ಪ್ರತಿಯಷ್ಟೇ ಸಾಕೆಂದಿದ್ದರೆ ನಾನು ತಕರಾರು ತೆಗೆಯುತ್ತಿರಲಿಲ್ಲ. ಆದರೆ ನನಗೆ ಕಡತವೂ ಬೇಕು, ಅದರಲ್ಲಿ ಪದಗಳನ್ನು ಹುಡುಕಬೇಕು, ಅಂಚಿನಲ್ಲಿ ಟಿಪ್ಪಣಿ ಬರೆದು ಹಿಂತಿರುಗಿಸಬೇಕು. ಪರಿವರ್ತಕದಿಂದ ಯೂನಿಕೋಡಿಗೆ ತರಲು ಹೊರಟರೆ ಗ್ರಂಥಋಣದಲ್ಲಿರುವ ಇಂಗ್ಲಿಷ್ ಪುಸ್ತಕಗಳ ಹೆಸರುಗಳೂ ನುಡಿಯ ಸಂಕೇತಗಳೆಂದೇ ಭಾವಿಸಲ್ಪಟ್ಟು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತವೆ. ಅವನ್ನು ಮೊದಲೇ ಬೇರೆ ತೆಗೆದಿಟ್ಟು ಆಮೇಲೆ ಸೇರಿಸಬೇಕು.

ಎರಡನೆಯ ವರ್ಷ ನಾನು ಎಲ್ಲವನ್ನೂ ಬಿಡಿಸಿ ಬರೆದೆ. ಹದಿನಾಲ್ಕು ಅಂಶಗಳ ಆ ಇಮೇಲಿನಲ್ಲಿ ಎ4 ಕಾಗದ, ಮೇಲೆ ಕೆಳಗೆ ಬಲಕ್ಕೆ ಒಂದೊಂದು ಇಂಚು, ಹೊಲಿಗೆಗೆಂದು ಎಡಕ್ಕೆ ಒಂದೂವರೆ ಇಂಚು, ಕನ್ನಡಕ್ಕೆ `Nirmala UI` 13, ಇಂಗ್ಲಿಷಿಗೆ `Times New Roman` 12, ಸಾಲಿನ ಅಂತರ `Exactly` 24 ಪಾಯಿಂಟ್ ಎಂದೆಲ್ಲ ಇತ್ತು. ಗಾತ್ರವನ್ನು 12ರ ಬದಲು 13 ಮಾಡಿದ್ದು ಮುದ್ರಿಸಿ ನೋಡಿದ ಮೇಲೆ: 12ರಲ್ಲಿ ಮೂಲಪ್ರತಿ ಚೆನ್ನಾಗಿಯೇ ಬಂದಿತ್ತು, ಆದರೆ ಅದರ ಜೆರಾಕ್ಸ್ ಪ್ರತಿಯಲ್ಲಿ ಒತ್ತಕ್ಷರಗಳ ಹೊಟ್ಟೆ ಮಸಿ ತುಂಬಿಕೊಂಡು "ಷ್ಟ" ಯಾವುದು "ಷ್ಠ" ಯಾವುದು ಎಂದು ಕಣ್ಣು ಕಿರಿದಾಗಿಸಿ ನೋಡಬೇಕಾಗಿತ್ತು. ಫಾಂಟಿನ ಆಯ್ಕೆಯಲ್ಲಿ ಮಾತ್ರ ನಾನು ಸ್ವಲ್ಪ ಸೋತೆ. ನನ್ನ ಕಣ್ಣಿಗೆ `Noto Serif Kannada` ಹೆಚ್ಚು ಹಿತ, ದಪ್ಪ ಸಣ್ಣ ಗೆರೆಗಳ ಏರಿಳಿತವಿರುವುದರಿಂದ ಪುಸ್ತಕದ ಪುಟದಂತೆ ಕಾಣುತ್ತದೆ, ಉಚಿತವೂ ಹೌದು. ಆದರೆ ಅದನ್ನು ಇಳಿಸಿಕೊಂಡು ಅಳವಡಿಸಬೇಕು, ಮುದ್ರಿಸುವ ಅಂಗಡಿಯವರು ಅದಕ್ಕೆ ಒಪ್ಪುವುದು ಅಪರೂಪ. `Nirmala UI` ವಿಂಡೋಸ್ ಜೊತೆಗೇ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಅದಕ್ಕೆ ಮಣೆ ಹಾಕಿದೆ.

ಸಾಲಿನ ಅಂತರವನ್ನು 1.5 ಎನ್ನದೆ ಪಾಯಿಂಟಿನಲ್ಲಿ ಹೇಳಿದ್ದಕ್ಕೂ ಕಾರಣವಿದೆ. 1.5 ಎಂಬುದು ಯಾವುದೋ ಸ್ಥಿರವಾದ ಅಳತೆಯಲ್ಲ, ಆ ಫಾಂಟು ತನ್ನೊಳಗೆ ಬರೆದಿಟ್ಟುಕೊಂಡಿರುವ ಸಾಲಿನ ಎತ್ತರದ ಒಂದೂವರೆ ಪಟ್ಟು. `Times New Roman` 12ಕ್ಕೆ ಒಂಟಿ ಸಾಲು ಸುಮಾರು 13.8 ಪಾಯಿಂಟ್, ಅದರ ಒಂದೂವರೆ ಪಟ್ಟೆಂದರೆ 20.7. ಮೇಲೆ ಕೆಳಗೆ ಒಂದೊಂದು ಇಂಚು ಬಿಟ್ಟ ಎ4 ಪುಟದಲ್ಲಿ ಬರೆಯಲು ಉಳಿಯುವುದು ಸುಮಾರು 698 ಪಾಯಿಂಟ್, ಹಾಗಾಗಿ 33 ಸಾಲು ಹಿಡಿಯುತ್ತದೆ. ಮೇಲೆ ಗುಣಿತ, ಕೆಳಗೆ ಒತ್ತು ಇರುವ ಕನ್ನಡಕ್ಕೆ ಫಾಂಟ್ ತಯಾರಿಸುವವರು ಹೆಚ್ಚು ಎತ್ತರ ಕೊಟ್ಟಿರುತ್ತಾರೆ, ಒಬ್ಬೊಬ್ಬರು ಒಂದೊಂದು ಪ್ರಮಾಣದಲ್ಲಿ. ಅದರ ಒಂದೂವರೆ ಪಟ್ಟಾದರೆ ಪುಟ ಬಣಬಣ ಎನ್ನುತ್ತದೆ. 24 ಪಾಯಿಂಟ್ ಎಂದು ನಿಗದಿ ಮಾಡಿದರೆ ಫಾಂಟ್ ಯಾವುದಾದರೂ ಪುಟಕ್ಕೆ 29 ಸಾಲು.

ಲೆಕ್ಕ ಸರಿಯಾಗಿಯೇ ಇತ್ತು, ಎಡವಿದ್ದು `Exactly` ಎಂಬ ಒಂದು ಪದದಲ್ಲಿ. ಆ ವರ್ಷ ಬಂದ ಮೊದಲ ವರದಿಯಲ್ಲಿ "ಚಿತ್ರ 4: ಕೆರೆಯ ತೂಬು" ಎಂಬ ಶೀರ್ಷಿಕೆಯ ಮೇಲೆ ಬೆರಳಗಲದ ಒಂದು ಕಂದು ಪಟ್ಟಿ ಮಾತ್ರ ಇತ್ತು. ವರ್ಡಿನಲ್ಲಿ ಸಾಲಿನೊಳಗೆ ಸೇರಿಸಿದ ಚಿತ್ರವೂ ಒಂದು ಅಕ್ಷರವಿದ್ದಂತೆ, ಸಾಲಿನ ಎತ್ತರ 24 ಪಾಯಿಂಟೇ ಎಂದು ಕಟ್ಟು ಮಾಡಿದರೆ ಚಿತ್ರದ ಕೆಳಗಿನ 24 ಪಾಯಿಂಟಿನಷ್ಟೇ ಕಾಣುತ್ತದೆ. ಅದರ ಬದಲು `At least` 24 ಎಂದರೆ ಪಠ್ಯದ ಸಾಲುಗಳು ಇಪ್ಪತ್ನಾಲ್ಕರಲ್ಲೇ ನಿಲ್ಲುತ್ತವೆ, ಚಿತ್ರವಿರುವ ಸಾಲು ಮಾತ್ರ ಬೇಕಾದಷ್ಟು ಹಿಗ್ಗುತ್ತದೆ. ಇದನ್ನು ತಿದ್ದಿ ಮತ್ತೊಂದು ಇಮೇಲ್ ಕಳುಹಿಸಿದೆ, ಆದರೆ ಆ ಹೊತ್ತಿಗೆ ಕೆಲವರು ಮುದ್ರಣವನ್ನೂ ಮುಗಿಸಿದ್ದರು. ಇದಲ್ಲದೆ ಹದಿನಾಲ್ಕು ಅಂಶಗಳಲ್ಲಿ ಕೊನೆಯ ಏಳನ್ನು ಬಹುತೇಕರು ಓದಿಯೇ ಇರಲಿಲ್ಲವೆಂಬುದು ವರದಿಗಳನ್ನು ನೋಡಿದರೆ ತಿಳಿಯುತ್ತಿತ್ತು. ಪ್ಯಾರಾದ ನಂತರದ ಅಂತರವನ್ನು ಸೊನ್ನೆ ಮಾಡಿ ಎಂಬುದು ಹನ್ನೊಂದನೆಯ ಅಂಶ, ಈಚಿನ ವರ್ಡಿನಲ್ಲಿ ತಾನಾಗಿಯೇ ಇರುವ 8 ಪಾಯಿಂಟ್ ಅಂತರ ಅರ್ಧಕ್ಕರ್ಧ ವರದಿಗಳಲ್ಲಿ ಹಾಗೆಯೇ ಉಳಿದಿತ್ತು.

ಮೂರನೆಯ ವರ್ಷ ಈ ಅಳತೆಗಳನ್ನೆಲ್ಲ ಒಂದು ಟೆಂಪ್ಲೇಟಿನೊಳಗೆ ಹಾಕಿಟ್ಟು ಇಮೇಲನ್ನು ಚಿಕ್ಕದು ಮಾಡಿದೆ. ಟೆಂಪ್ಲೇಟ್ ಮಾಡುವಾಗ ನಾನು ಮೊದಲು ತಪ್ಪಿದ್ದು ಇಲ್ಲಿ: ಶೈಲಿಯಲ್ಲಿ ಗಾತ್ರ ಬದಲಿಸಿದರೂ ಇಂಗ್ಲಿಷ್ ಮಾತ್ರ ಬದಲಾಯಿತು, ಕನ್ನಡ 11ರಲ್ಲೇ ಉಳಿಯಿತು. ವರ್ಡ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸುತ್ತದೆ, `Ctrl+D` ಒತ್ತಿದಾಗ ಬರುವ ಕಿಟಕಿಯಲ್ಲಿ `Latin text` ಮತ್ತು `Complex scripts` ಎಂದು ಎರಡು ವಿಭಾಗಗಳಿದ್ದು ಎರಡರಲ್ಲೂ ಫಾಂಟ್ ಮತ್ತು ಗಾತ್ರವನ್ನು ಪ್ರತ್ಯೇಕವಾಗಿ ಕೊಡಬೇಕು. ಶೈಲಿ ತಿದ್ದುವ ಕಿಟಕಿಯಿಂದ ಇದೇ ಕಿಟಕಿಗೆ ಹೋಗಿ ಅಲ್ಲಿ ಬದಲಿಸಿದ ಮೇಲೆ ಸರಿಹೋಯಿತು. ಇಮೇಲಿನ ಒಕ್ಕಣೆ ಹೀಗಿತ್ತು:

"ಪ್ರಿಯ ವಿದ್ಯಾರ್ಥಿಗಳೇ, ಇದರೊಂದಿಗಿರುವ `varadi.dotx` ಕಡತವನ್ನು ಗಣಕದಲ್ಲಿ ತೆರೆದು ಅದರಲ್ಲೇ ಬರೆಯಿರಿ. ಕನ್ನಡ `Nirmala UI` 13, ಇಂಗ್ಲಿಷ್ `Times New Roman` 12, ಸಾಲಿನ ಅಂತರ `At least` 24 ಪಾಯಿಂಟ್, ಇವನ್ನು ಬದಲಿಸಬೇಡಿ. ಟೈಪು ಮಾಡಿಸುವುದಾದರೆ ಯೂನಿಕೋಡಿನಲ್ಲಿ ಬೇಕೆಂದು ಅಂಗಡಿಯವರಿಗೆ ಮೊದಲೇ ಹೇಳಿ. ಮೊದಲ ಅಧ್ಯಾಯ ಮುಗಿದ ದಿನ ಅದರ ಮೊದಲ ಸಾಲನ್ನು ನಕಲು ಮಾಡಿ ಈ ಇಮೇಲಿಗೆ ಉತ್ತರವಾಗಿ ಕಳುಹಿಸಿ. ಮುದ್ರಣಕ್ಕೆ ಪಿಡಿಎಫ್ ಮಾತ್ರ ಕೊಂಡೊಯ್ಯಿರಿ."

ನಾಲ್ಕನೆಯ ವಾಕ್ಯವೇ ಈ ಒಕ್ಕಣೆಯ ಜೀವ. ನಕಲು ಮಾಡಿದ ಸಾಲು ಇಮೇಲಿನಲ್ಲಿ ಕನ್ನಡವಾಗಿಯೇ ಬಂದರೆ ಯೂನಿಕೋಡ್, `PÉgÉ` ಎಂದು ಬಂದರೆ ನುಡಿಯ ಹಳೆಯ ಫಾಂಟ್. ಇಡೀ ವರದಿ ಟೈಪಾದ ಮೇಲೆ ಗೊತ್ತಾಗುತ್ತಿದ್ದುದು ಮೊದಲ ಅಧ್ಯಾಯಕ್ಕೇ ಗೊತ್ತಾಯಿತು. ಸಾಲಿನ ಅಂತರವನ್ನು ಪರೀಕ್ಷಿಸಲು ನಾನು ಶೀರ್ಷಿಕೆಯಾಗಲಿ ಚಿತ್ರವಾಗಲಿ ಇಲ್ಲದ ಒಂದು ಪುಟದ ಸಾಲುಗಳನ್ನು ಎಣಿಸುತ್ತೇನೆ: 29 ಇದ್ದರೆ ಸರಿ, ಪ್ಯಾರಾದ ಒಂಟಿ ಸಾಲನ್ನು ಮುಂದಿನ ಪುಟದಲ್ಲಿ ಬಿಡಬಾರದೆಂದು ವರ್ಡ್ ತಾನೇ ಒಂದನ್ನು ತಳ್ಳಿದಾಗ 28 ಆಗುವುದೂ ಉಂಟು. ಅದಕ್ಕಿಂತ ಕಡಿಮೆಯಾದರೆ ಪ್ಯಾರಾಗಳ ನಡುವೆ ಅಂತರ ಸೇರಿಕೊಂಡಿದೆಯೇ ಎಂದು ನೋಡುತ್ತೇನೆ.

ಮೂರನ್ನೂ ಹೋಲಿಸಿದರೆ ನನ್ನ ಮತ ಮೂರನೆಯದಕ್ಕೇ. ಎರಡನೆಯದನ್ನು ಎಸೆದಿಲ್ಲ, ಅನುಮಾನ ಬಂದಾಗ ನೋಡಿಕೊಳ್ಳಲು ಟೆಂಪ್ಲೇಟಿನ ಕೊನೆಯ ಪುಟದಲ್ಲಿ ತಿದ್ದಿ ಇಟ್ಟಿದ್ದೇನೆ. ಮೂರನೆಯದು ಕೈಕೊಡುವುದು ಗಣಕವಿಲ್ಲದೆ ಫೋನಿನಲ್ಲೇ ಗೂಗಲ್ ಡಾಕ್ಸ್ ಬಳಸಿ ಬರೆಯುವವರ ಬಳಿ. ಅಲ್ಲಿ `Nirmala UI` ಇಲ್ಲ, ಸಾಲಿನ ಅಂತರವನ್ನು ಪಾಯಿಂಟಿನಲ್ಲಿ ಕೊಡಲೂ ಬರುವುದಿಲ್ಲ, ಪಟ್ಟುಗಳಲ್ಲಷ್ಟೇ ಕೊಡಬಹುದು. ಅಂತಹ ಐವರಿಗೆ `Noto Serif Kannada` 12 ಬಳಸಿ, ಪುಟಕ್ಕೆ 29ರ ಆಸುಪಾಸು ಸಾಲುಗಳು ಬರುವಂತೆ ಅಂತರವನ್ನು ಹೊಂದಿಸಿ ಪಿಡಿಎಫ್ ಮಾಡಿ ಕಳುಹಿಸಿ ಎಂದು ಬೇರೆಯೇ ಇಮೇಲ್ ಬರೆದೆ. ನೋಡಲು ಅವರ ಪುಟಗಳೇ ಉಳಿದವರದ್ದಕ್ಕಿಂತ ಚೆನ್ನಾಗಿದ್ದವು.