ಬುಕ್ಕಿಯ ದರ, ಎಕ್ಸ್‌ಚೇಂಜ್‌ನ ಕಮಿಷನ್: ಕಡಿತ ಎಲ್ಲಿ, ಎಷ್ಟು?

ಬೆಂಗಳೂರಿನಲ್ಲಿ ಕ್ರಿಕೆಟ್ ಬಾಜಿಯ ಮಾತು ಬಂದಾಗ ‘ಎಕ್ಸ್‌ಚೇಂಜ್’ ಎಂಬ ಪದ ಸಲೀಸಾಗಿ ಕೇಳಿಬರುತ್ತದೆಯಾದರೂ, ಅದು ಬುಕ್ಕಿಗಿಂತ ಹೇಗೆ ಬೇರೆ ಎಂದು ಲೆಕ್ಕ ಹಾಕಿ ನೋಡಿದವರು ಕಡಿಮೆ. ಕೆಲಸದ ನಿಮಿತ್ತ ಇಂಗ್ಲೆಂಡಿನಲ್ಲಿದ್ದಾಗ, ಎರಡಕ್ಕೂ ಕಾನೂನಿನ ಮಾನ್ಯತೆಯಿರುವ ಆ ದೇಶದಲ್ಲಿ, ಒಂದು ಬುಕ್‌ಮೇಕರ್ ಸಂಸ್ಥೆಯಲ್ಲೂ 2000ದಲ್ಲಿ ಆರಂಭವಾದ ಬೆಟ್‌ಫೇರ್ ಎಕ್ಸ್‌ಚೇಂಜ್‌ನಲ್ಲೂ ಸಣ್ಣ ಮೊತ್ತ ಹಾಕಿ ನೋಡಿದ್ದೆ. ನಮ್ಮಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿರುವುದರಿಂದ, ಇದನ್ನು ಯಾರೂ ಶಿಫಾರಸೆಂದು ಓದಬಾರದು.

ಬುಕ್‌ಮೇಕರ್ ತನ್ನ ಲಾಭವನ್ನು ದರದೊಳಗೇ ಅಡಗಿಸಿಡುತ್ತಾನೆ. ಸಮಬಲದ ಎರಡು ತಂಡಗಳ ಟಿ20 ಪಂದ್ಯಕ್ಕೆ ನ್ಯಾಯವಾದ ದರ ತಲಾ 2.00, ಅಂದರೆ ಕಟ್ಟಿದ ಒಂದು ಪೌಂಡ್‌ಗೆ ಗೆದ್ದಾಗ ಅಸಲೂ ಸೇರಿ ಎರಡು ಪೌಂಡ್; ಆದರೆ ನನಗೆ ಸಾಮಾನ್ಯವಾಗಿ ಕಾಣುತ್ತಿದ್ದುದು ತಲಾ 1.90. ಎರಡೂ ತಂಡಗಳ ಮೇಲೆ ನೂರು ನೂರು ಪೌಂಡ್ ಕಟ್ಟಿದವನು 200 ಕೊಟ್ಟು 190 ಹಿಂಪಡೆಯುತ್ತಾನೆ. ಉಳಿದ 10 ಬುಕ್‌ಮೇಕರ್‌ನದು. ರಸೀದಿಯಲ್ಲಿ ಕಮಿಷನ್ ಎಂಬ ಸಾಲೇ ಇರುವುದಿಲ್ಲವಾದ್ದರಿಂದ, ಏನೂ ಕಡಿತವಾಗಿಲ್ಲವೆಂಬ ಭಾವನೆ ಹುಟ್ಟುತ್ತದೆ.

ಎಕ್ಸ್‌ಚೇಂಜ್ ಸ್ವತಃ ಬಾಜಿ ಕಟ್ಟುವುದಿಲ್ಲ. ಬಳಕೆದಾರರನ್ನು ಪರಸ್ಪರ ಜೋಡಿಸುತ್ತದೆ, ಅಷ್ಟೇ. ಪರದೆಯ ಮೇಲೆ ಪ್ರತಿ ತಂಡದ ಮುಂದೆ ನೀಲಿ ಮತ್ತು ಗುಲಾಬಿ ಚೌಕಗಳಿರುತ್ತವೆ: ತಂಡ ಗೆಲ್ಲುತ್ತದೆ ಎನ್ನುವವರ ಬ್ಯಾಕ್ ನೀಲಿಯಲ್ಲಿ, ಗೆಲ್ಲುವುದಿಲ್ಲ ಎನ್ನುವವರ ಲೇ ಗುಲಾಬಿಯಲ್ಲಿ. ದರದ ಕೆಳಗಿನ ಸಣ್ಣ ಅಂಕಿ, ಆ ದರಕ್ಕೆ ಸದ್ಯ ಎಷ್ಟು ಹಣ ಲಭ್ಯವಿದೆ ಎಂಬುದನ್ನು ತೋರಿಸುತ್ತದೆ. ಲೇ ಮಾಡುವವನು ಆ ಬಾಜಿಯ ಮಟ್ಟಿಗೆ ತಾನೇ ಬುಕ್ಕಿಯಾಗುತ್ತಾನೆ. 4.00 ದರದಲ್ಲಿ 50 ಪೌಂಡ್ ಲೇ ಮಾಡಿದರೆ ಗೆಲ್ಲಬಹುದಾದದ್ದು 50, ಕಳೆದುಕೊಳ್ಳಬಹುದಾದದ್ದು 150. ಆ 150 ನಮ್ಮ ಖಾತೆಯಲ್ಲಿ ಮೊದಲೇ ತಡೆಹಿಡಿಯಲ್ಪಡುತ್ತದೆ.

ಇನ್ನು ಕಮಿಷನ್. ನನಗೆ ಅನ್ವಯಿಸುತ್ತಿದ್ದ ದರ ಶೇ 5. ಇದು ಪ್ರತಿ ಬಾಜಿಯ ಮೇಲಲ್ಲ, ಒಂದು ಮಾರುಕಟ್ಟೆಯಲ್ಲಿ, ಅಂದರೆ ಒಂದು ಪಂದ್ಯದ ‘ಯಾರು ಗೆಲ್ಲುತ್ತಾರೆ’ ಎಂಬ ಒಂದೇ ಪ್ರಶ್ನೆಯ ಮೇಲೆ, ಎಲ್ಲವನ್ನೂ ಕೂಡಿ ಕಳೆದ ಬಳಿಕ ಉಳಿಯುವ ನಿವ್ವಳ ಲಾಭದ ಮೇಲೆ ಬೀಳುತ್ತದೆ. ನಷ್ಟವಾದರೆ ಕಮಿಷನ್ ಇಲ್ಲ. ಒಂದು ತಂಡವನ್ನು 2.50ಕ್ಕೆ 100 ಪೌಂಡ್ ಬ್ಯಾಕ್ ಮಾಡಿದ್ದೇವೆ, ಆರಂಭಿಕ ಜೋಡಿ ಚೆನ್ನಾಗಿ ಆಡಿ ದರ 2.00ಕ್ಕೆ ಇಳಿಯಿತು ಎಂದುಕೊಳ್ಳೋಣ. ಆಗ ಅದೇ ತಂಡವನ್ನು 125 ಪೌಂಡ್‌ಗೆ ಲೇ ಮಾಡಿದರೆ, ತಂಡ ಗೆದ್ದಾಗ 150 ಬಂದು 125 ಹೋಗುತ್ತದೆ; ಸೋತಾಗ 125 ಬಂದು 100 ಹೋಗುತ್ತದೆ. ಎರಡೂ ಕಡೆ ಲಾಭ 25, ಕಮಿಷನ್ 1.25, ಕೈಗೆ 23.75.

ಇದೇ ಬ್ಯಾಕನ್ನು ಬುಕ್‌ಮೇಕರ್ ಬಳಿ ಮಾಡಿ ಲೇ ಮಾತ್ರ ಎಕ್ಸ್‌ಚೇಂಜ್‌ನಲ್ಲಿ ಮಾಡಿದರೆ ಚಿತ್ರ ಬದಲಾಗುತ್ತದೆ. ತಂಡ ಗೆದ್ದರೆ ಎಕ್ಸ್‌ಚೇಂಜ್‌ನಲ್ಲಿ ನಷ್ಟವಾಗಿರುವುದರಿಂದ ಕಮಿಷನ್ ಇಲ್ಲದೆ ಪೂರ್ತಿ 25 ಸಿಗುತ್ತದೆ. ಸೋತರೆ ಎಕ್ಸ್‌ಚೇಂಜ್ ತನ್ನಲ್ಲಿ ಬಂದ 125ನ್ನು ಮಾತ್ರ ಲಾಭವೆಂದು ಕಂಡು 6.25 ಕಡಿತ ಮಾಡುತ್ತದೆ. ಬುಕ್‌ಮೇಕರ್ ಬಳಿ ಹೋದ 100 ಅದರ ಲೆಕ್ಕಕ್ಕೆ ಸೇರುವುದೇ ಇಲ್ಲ. ಉಳಿಯುವುದು 18.75.

ಹಾಗೆಂದು ಎಲ್ಲ ದರಗಳಲ್ಲೂ ಎಕ್ಸ್‌ಚೇಂಜ್ ಮೇಲಲ್ಲ. ಸಮಬಲದ ಪಂದ್ಯದಲ್ಲಿ ಅಲ್ಲಿನ 2.00 ದರ ಕಮಿಷನ್ ಕಳೆದು 1.95 ಆಗುತ್ತದೆ, ಬುಕ್‌ಮೇಕರ್‌ನ 1.90ಕ್ಕಿಂತ ಅದು ನಿಸ್ಸಂಶಯವಾಗಿ ಉತ್ತಮ. ಗೆಲುವು ಬಹುತೇಕ ಖಚಿತವೆನಿಸಿದ ತಂಡಕ್ಕೆ ಬುಕ್‌ಮೇಕರ್ 1.20 ಕೊಡುತ್ತಿದ್ದು, ಎಕ್ಸ್‌ಚೇಂಜ್‌ನಲ್ಲಿ 1.21 ಇದ್ದರೆ, ನೂರಕ್ಕೆ ಸಿಗುವ 21ರಲ್ಲಿ 1.05 ಹೋಗಿ 19.95 ಉಳಿಯುತ್ತದೆ, ಬುಕ್‌ಮೇಕರ್‌ನ 20ಕ್ಕಿಂತ ಐದು ಪೆನ್ಸ್ ಕಡಿಮೆ. ಜೊತೆಗೆ, ಜನ ಕಡಿಮೆ ಇರುವ ಕೌಂಟಿ ಪಂದ್ಯಗಳಲ್ಲಿ ನಾನು ಕೇಳಿದ ದರಕ್ಕೆ ಎದುರಾಳಿ ಸಿಗದೆ, ಬಾಜಿಯ ಅರ್ಧ ಭಾಗ ಮಾತ್ರ ಹೊಂದಿಕೆಯಾಗಿ ಉಳಿದದ್ದು ಹಾಗೇ ನಿಂತಿರುತ್ತಿತ್ತು. ಬುಕ್‌ಮೇಕರ್ ಬಳಿ ಸಣ್ಣ ಮೊತ್ತಕ್ಕೆ ಈ ತೊಂದರೆಯಿಲ್ಲ. ಆದರೆ ಸತತವಾಗಿ ಗೆಲ್ಲುವವರ ಮಿತಿಯನ್ನು ಬುಕ್‌ಮೇಕರ್‌ಗಳು ಕೆಲವೇ ಪೌಂಡ್‌ಗಳಿಗೆ ಇಳಿಸುವುದುಂಟು, ಏಕೆಂದರೆ ಆ ಗೆಲುವು ಅವರದೇ ಜೇಬಿನಿಂದ ಹೋಗುತ್ತದೆ.

ಬೆಂಗಳೂರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ‘ಐಡಿ’, ಅಂದರೆ ಬಾಜಿ ತಾಣದ ಲಾಗಿನ್ ಖಾತೆ, ಮಾರುವವರು ತೋರಿಸುವ ಲಗಾಯಿ–ಖಾಯಿ, ಅಂದರೆ ಬ್ಯಾಕ್–ಲೇ, ಪರದೆಯಲ್ಲೂ ಇದೇ ನೀಲಿ, ಗುಲಾಬಿ ಬಣ್ಣಗಳಿರುತ್ತವೆ. ಆದರೆ ಎದುರು ಪಕ್ಷದಲ್ಲಿ ಇನ್ನೊಬ್ಬ ಬಳಕೆದಾರನ ಬದಲು ಐಡಿ ಕೊಟ್ಟವನ ಜಾಲವೇ ಕುಳಿತಿದ್ದರೆ ಅದು ಎಕ್ಸ್‌ಚೇಂಜ್ ವೇಷದ ಬುಕ್ಕಿಯಷ್ಟೇ: ಗೆದ್ದ ಹಣ ಕೊಡಬೇಕಾದವನೂ ಅವನೇ, ಖಾತೆಯ ಬೀಗದ ಕೈ ಇರುವುದೂ ಅವನ ಬಳಿಯೇ, ಕೊಡದಿದ್ದರೆ ದೂರು ಒಯ್ಯಲು ಯಾವ ನಿಯಂತ್ರಕ ಸಂಸ್ಥೆಯೂ ಇಲ್ಲ.